ಮೆಂಬರ್‌ಶಿಪ್ ಮುಗಿಯೋ ದಿನ, ಟ್ರೆಕ್ ಹೋಗೋ ದಿನ: ಕ್ಲಬ್ ಡಿಸ್ಕೌಂಟ್ ಲೆಕ್ಕ ತಪ್ಪೋದು ಎಲ್ಲಿ

ನಮ್ಮದು ಬೆಂಗಳೂರಿನ ಒಂದು ಸಣ್ಣ ಟ್ರೆಕಿಂಗ್ ಕ್ಲಬ್ಬು, 400 ಚಿಲ್ಲರೆ ಮೆಂಬರ್ಸ್ ಇದಾರೆ, ಸಂಬಳಕ್ಕೆ ಅಂತ ಯಾರೂ ಇಲ್ಲ, ಎಲ್ಲಾ ನಾವ್ ನಾವೇ ಸೇರಿ ನಡ್ಸೋದು. ಅದರಲ್ಲಿ ಬುಕಿಂಗ್ ಮತ್ತೆ ದುಡ್ಡಿನ ಲೆಕ್ಕ ನನ್ನ ತಲೆಗೆ ಕಟ್ಟಿದಾರೆ. ಮೆಂಬರ್‌ಶಿಪ್‌ನಲ್ಲಿ ಎರಡು ಮೂರು ದರ್ಜೆ ಇಟ್ಟು ಒಬ್ಬೊಬ್ರಿಗೆ ಒಂದೊಂದು ಡಿಸ್ಕೌಂಟು, ಕೆಲವರಿಗೆ ಮೊದಲೇ ಬುಕ್ ಮಾಡೋ ಅವಕಾಶ, ಇದೇನ್ ಮಹಾ ಅಂತ ನಾನೂ ಅಂದ್ಕೊಂಡಿದ್ದೆ, ಒಂದು ಗೂಗಲ್ ಶೀಟು ಒಂದು ಫಾರ್ಮು ಇದ್ರೆ ಮುಗೀತಲ್ಲ ಅಂತ. ಡಿಸ್ಕೌಂಟ್ ಕೊಡೋದು ನಿಜವಾಗ್ಲೂ ಸುಲಭ. ತಲೆನೋವು ಶುರುವಾಗೋದು ಮೆಂಬರ್‌ಶಿಪ್ ಮುಗಿಯೋ ದಿನ.

ಮೊದಲು ನಮ್ಮ ದರ್ಜೆಗಳನ್ನ ಹೇಳ್ಬಿಡ್ತೀನಿ, ಮುಂದೆ ಎಲ್ಲಾ ಲೆಕ್ಕಕ್ಕೂ ಇವೇ ಬೇಕಾಗತ್ತೆ. ಸಾದಾ ಮೆಂಬರ್ ವರ್ಷಕ್ಕೆ ₹500 ಕೊಡ್ತಾರೆ, ಅವರಿಗೆ ಟ್ರೆಕ್ ಶುಲ್ಕದಲ್ಲಿ 10% ಕಮ್ಮಿ, ಬುಕಿಂಗ್ ಹೊರಗಿನವರಿಗಿಂತ ಒಂದು ದಿನ ಮೊದಲು ಓಪನ್ ಆಗತ್ತೆ. ಪೋಷಕ ಮೆಂಬರ್ ವರ್ಷಕ್ಕೆ ₹2000 ಕೊಡ್ತಾರೆ, 15% ಕಮ್ಮಿ, ಬುಕಿಂಗ್ ಮೂರು ದಿನ ಮೊದಲು. ಇದಲ್ದೆ ಕ್ಲಬ್ ಶುರು ಮಾಡಿದ ಕಾಲದ ಒಂದಷ್ಟು ಲೈಫ್ ಮೆಂಬರ್ಸ್ ಇದಾರೆ, ಅವರ ಕಥೆ ಕೊನೇಲಿ ಹೇಳ್ತೀನಿ.

ಈಗ ಕಳೆದ ವರ್ಷದ ಕುಮಾರಪರ್ವತದ ಟ್ರೆಕ್ಕನ್ನೇ ತಗೊಳ್ಳಿ. ಹೊರಡೋದು 2025ರ ನವೆಂಬರ್ 15, 30 ಸೀಟು, ತಲೆಗೆ ₹2400. ಸಾದಾದವರಿಗೆ 2160, ಪೋಷಕರಿಗೆ 2040. ಹೊರಗಿನವರಿಗೆ ಬುಕಿಂಗ್ ಅಕ್ಟೋಬರ್ 18ರ ರಾತ್ರಿ 8ಕ್ಕೆ, ಸಾದಾದವರಿಗೆ 17ಕ್ಕೆ, ಪೋಷಕರಿಗೆ 15ಕ್ಕೆ. ಮಲ್ಲೇಶ್ವರದ ಒಬ್ರು ಮೇಡಂ, ನಮ್ಮಲ್ಲಿ ಮೆಂಬರ್ ನಂಬರ್ 118, ಪೋಷಕರು, 15ನೇ ತಾರೀಖು ರಾತ್ರಿ 8 ಗಂಟೆ 4 ನಿಮಿಷಕ್ಕೆ ಬುಕ್ ಮಾಡಿ 2040 ಕಟ್ಟಿದ್ರು. ಅವರ ಮೆಂಬರ್‌ಶಿಪ್ ಮುಗಿಯೋದು ಅಕ್ಟೋಬರ್ 31. ಅಂದ್ರೆ ಬುಕ್ ಮಾಡಿದ ದಿನ ಮೆಂಬರ್, ಬೆಟ್ಟ ಹತ್ತೋ ದಿನ ಮೆಂಬರ್ ಅಲ್ಲ. ಇವರಿಗೆ ಡಿಸ್ಕೌಂಟ್ ಕೊಡ್ಬೇಕಾ ಬೇಡ್ವಾ?

ನಮ್ಮ ನಿಯಮದಲ್ಲಿ ಇದಕ್ಕೆ ಉತ್ತರಾನೇ ಇರ್ಲಿಲ್ಲ. "ಪೋಷಕ ಮೆಂಬರ್ಸ್‌ಗೆ 15% ರಿಯಾಯಿತಿ" ಅಂತ ಬರ್ದಿದ್ವಿ, ಯಾವತ್ತು ಮೆಂಬರ್ ಆಗಿರ್ಬೇಕು ಅಂತ ಬರ್ದಿರ್ಲಿಲ್ಲ. ನಾವು ತೀರ್ಮಾನ ಮಾಡದೇ ಬಿಟ್ಟಿದ್ದನ್ನ ಶೀಟೇ ತೀರ್ಮಾನ ಮಾಡ್ತು. ಬುಕಿಂಗ್ ಶೀಟಲ್ಲಿ ಶುಲ್ಕದ ಕಾಲಮ್ಮಿಗೆ ನಾನು ಹಾಕಿದ್ದ ಫಾರ್ಮುಲಾ ಹೆಚ್ಚುಕಮ್ಮಿ ಹಿಂಗಿತ್ತು, ಇದು ಪೋಷಕರ ಸಾಲಿಗೆ:

```
=IF(VLOOKUP(B2,Members!A:E,5,FALSE)>=TODAY(),2040,2400)
```

B2 ಅಲ್ಲಿ ಮೆಂಬರ್ ನಂಬರ್, ಮೆಂಬರ್ಸ್ ಶೀಟಿನ ಐದನೇ ಕಾಲಮ್ಮಲ್ಲಿ ಮುಗಿಯೋ ತಾರೀಖು. ಆ ತಾರೀಖು ಇನ್ನೂ ದಾಟಿಲ್ಲ ಅಂದ್ರೆ 2040, ದಾಟಿದ್ರೆ 2400. ನೋಡಿದ್ರೆ ಸರಿಯಾಗೇ ಇದೆ ಅನ್ಸತ್ತೆ. ಆದ್ರೆ `TODAY()` ಅನ್ನೋದು ಬುಕ್ ಮಾಡಿದ ದಿನ ಅಲ್ಲ, ಶೀಟ್ ತೆಗೆದು ನೋಡೋ ದಿನ. ಅದು ಪ್ರತಿ ದಿನ ಹೊಸದಾಗಿ ಲೆಕ್ಕ ಹಾಕತ್ತೆ. ಅಕ್ಟೋಬರ್ ಪೂರ್ತಿ 2040 ಅಂತ ಸುಮ್ನೆ ಕೂತಿದ್ದ ಸೆಲ್ಲು ನವೆಂಬರ್ 1ರ ಬೆಳಗ್ಗೆ ತನ್ನಷ್ಟಕ್ಕೆ ತಾನೇ 2400 ಆಗ್ಬಿಡ್ತು. ಪಕ್ಕದ ಕಾಲಮ್ಮಲ್ಲಿ ಬಾಕಿ ₹360. ಬಾಕಿ ಇರೋರಿಗೆ ತಾನಾಗೇ ಮೇಲ್ ಹೋಗೋ ವ್ಯವಸ್ಥೆ ನಾನೇ ಮಾಡಿಟ್ಟಿದ್ದೆ ಬೇರೆ, ಹಂಗಾಗಿ ಪೂರ್ತಿ ದುಡ್ಡು ಕಟ್ಟಿದ 9 ಜನಕ್ಕೆ "ನಿಮ್ಮಿಂದ ಬಾಕಿ ಬರಬೇಕಿದೆ" ಅಂತ ಮೇಲ್ ಹೋಯ್ತು, ಅದೂ ರಾಜ್ಯೋತ್ಸವದ ದಿನ. ಮೇಡಂ ಫೋನ್ ಮಾಡಿ "ಏನ್ರೀ ಇದು, ರಸೀದಿ ಕೊಟ್ಟು ಹದಿನೈದು ದಿನ ಆದ್ಮೇಲೆ ರೇಟ್ ಏರ್ಸೋದಾ" ಅಂದ್ರು. ನಾನು ಏನ್ ಹೇಳ್ಲಿ, ತಪ್ಪು ನಂದೇ.

ಇಲ್ಲಿ ಆಗಿರೋದು ಒಂದಲ್ಲ, ಎರಡು ತಪ್ಪು. ಬಿಡಿಸಿ ನೋಡಿದ್ರೆ ಮಾತ್ರ ಪರಿಹಾರ ಸಿಗತ್ತೆ.

ಒಂದನೇದು, ಒಂದ್ಸಲ ಒಪ್ಕೊಂಡ ಬೆಲೆ ಆಮೇಲೆ ಬದಲಾಗ್ಬಾರ್ದು. ಬುಕಿಂಗ್ ಆದ ಕ್ಷಣದಲ್ಲಿ ಆ ಸಾಲಿನಲ್ಲಿ ಅವರ ದರ್ಜೆ ಯಾವ್ದು, ಎಷ್ಟು ಪರ್ಸೆಂಟು, ಕಟ್ಟಿದ್ದೆಷ್ಟು ಅನ್ನೋದನ್ನ ಬರೀ ಅಂಕಿಯಾಗಿ ಬರ್ದಿಡ್ಬೇಕು, ಫಾರ್ಮುಲಾ ಆಗಿ ಅಲ್ಲ. ಅಂಗಡಿಯವ್ರು ಬಿಲ್ ಹರ್ದು ಕೊಟ್ಟ ಮೇಲೆ ನಾಳೆ ಬೇಳೆ ರೇಟ್ ಏರಿದ್ರೂ ಇಳಿದ್ರೂ ಆ ಬಿಲ್ ಹಂಗೇ ಇರತ್ತಲ್ಲ, ಹಂಗೆ. ಆರು ತಿಂಗಳಾದ್ಮೇಲೆ ಆಡಿಟ್‌ಗೆ ಕೂತಾಗ "ಇವರಿಗೆ 2040 ಯಾಕೆ" ಅಂತ ಕೇಳಿದ್ರೆ ಆ ಸಾಲೇ ಉತ್ತರ ಹೇಳ್ಬೇಕು, ಆ ಹೊತ್ತಿಗೆ ಅವರ ಮೆಂಬರ್‌ಶಿಪ್ ಏನಾಗಿದೆ ಅನ್ನೋದಕ್ಕೂ ಇದಕ್ಕೂ ಸಂಬಂಧ ಇರ್ಬಾರ್ದು.

ಎರಡನೇದು ಸ್ವಲ್ಪ ಆಳದ್ದು. ನಮ್ಮ ಮೆಂಬರ್ಸ್ ಶೀಟಲ್ಲಿ ಒಬ್ರಿಗೆ ಒಂದೇ ಸಾಲು, ಒಂದೇ ಮುಗಿಯೋ ತಾರೀಖು. ಯಾರಾದ್ರೂ ರಿನ್ಯೂ ಮಾಡಿದ್ರೆ ಹಳೇ ತಾರೀಖು ಅಳಿಸಿ ಹೊಸದು ಹಾಕ್ತಿದ್ವಿ. ಹಂಗ್ ಮಾಡಿದ ಕೂಡ್ಲೇ ಹಳೇದು ಗೊತ್ತಾಗೋ ದಾರಿ ಮುಚ್ಚೋಗತ್ತೆ. ಈ ಮನುಷ್ಯ ಇವತ್ತು ಪೋಷಕ ಅಂತ ಗೊತ್ತು, ಹೋದ ಜುಲೈನಲ್ಲಿ ಏನಾಗಿದ್ದ, ಮಧ್ಯ ಎರಡು ತಿಂಗಳು ಬಿಟ್ಟಿದ್ನಾ, ಯಾವುದಕ್ಕೂ ದಾಖಲೆ ಇಲ್ಲ. ಮೆಂಬರ್‌ಶಿಪ್ ಅಂದ್ರೆ ಒಬ್ಬ ಮನುಷ್ಯನ ಮೇಲೆ ಅಂಟಿಸೋ ಚೀಟಿ ಅಲ್ಲ, ಅದೊಂದು ಅವಧಿ, ಇಂಥಾ ದಿನದಿಂದ ಇಂಥಾ ದಿನದ ತನಕ. ಪ್ರತಿ ಸಲ ದುಡ್ಡು ಕಟ್ಟಿದಾಗ್ಲೂ ಹೊಸ ಸಾಲು ಬರ್ಬೇಕು, ಹಳೇದನ್ನ ಮುಟ್ಟೋ ಹಾಗಿಲ್ಲ. ಹಿಂಗ್ ಇಟ್ರೆ ಯಾವ ದಿನದ ಬಗ್ಗೆ ಬೇಕಾದ್ರೂ ಪ್ರಶ್ನೆ ಕೇಳ್ಬಹುದು, ಹಿಂದಿನ ದಿನ ಆಗ್ಲಿ ಮುಂದಿನ ದಿನ ಆಗ್ಲಿ. ಈಗ ನಾವು ಡೇಟಾಬೇಸ್‌ಗೆ ಹೋಗಿದೀವಿ, ಅಲ್ಲಿ ಕೇಳೋದು ಇಷ್ಟೇ:

```sql
SELECT tier FROM membership
WHERE member_id = 118
  AND start_date <= '2025-11-15'
  AND end_date   >= '2025-11-15';
```

ನವೆಂಬರ್ 15ರಂದು 118ನೇ ಮೆಂಬರ್ ಯಾವ ದರ್ಜೆ ಅಂತ ಅರ್ಥ. ಸಾಲು ಸಿಕ್ರೆ ಆ ದರ್ಜೆ, ಸಿಗದಿದ್ರೆ ಅವತ್ತಿಗೆ ಅವರು ಹೊರಗಿನವರು. ತಾರೀಖಿನ ಜಾಗದಲ್ಲಿ ಯಾವ ದಿನ ಹಾಕ್ಬೇಕು ಅನ್ನೋದೇ ಈಗ ಉಳಿದಿರೋ ಪ್ರಶ್ನೆ, ಅದು ಕಂಪ್ಯೂಟರ್ ಪ್ರಶ್ನೆ ಅಲ್ಲ, ಕಮಿಟಿಯವ್ರು ಕೂತು ಕಾಫಿ ಕುಡ್ಕೊಂಡು ತೀರ್ಮಾನ ಮಾಡ್ಬೇಕಾದ್ದು.

ನಾವು ಎರಡು ಮೀಟಿಂಗ್ ಜಗಳ ಆಡಿ ಬಂದ ತೀರ್ಮಾನ ಏನಂದ್ರೆ, ಮೊದಲು ಬುಕ್ ಮಾಡೋ ಅವಕಾಶ ಮತ್ತೆ ಡಿಸ್ಕೌಂಟು ಎರಡನ್ನೂ ಒಂದೇ ತಾರೀಖಿಗೆ ಕಟ್ಟಬಾರದು. ಮೊದಲು ಬುಕ್ ಮಾಡೋ ಅವಕಾಶ ಅನ್ನೋದು ಆ ಹೊತ್ತಿಗೆ ಸಾಲಿನಲ್ಲಿ ಎಲ್ಲಿ ನಿಲ್ತೀರಿ ಅನ್ನೋ ವಿಷಯ, ಅದಕ್ಕೆ ಬುಕ್ ಮಾಡೋ ದಿನ ಮೆಂಬರ್ ಆಗಿದ್ರೆ ಸಾಕು. ಡಿಸ್ಕೌಂಟ್ ಮಾತ್ರ ಟ್ರೆಕ್ ಹೊರಡೋ ದಿನಕ್ಕೆ ಮೆಂಬರ್ ಆಗಿರೋರಿಗೆ. ಇದಕ್ಕೆ ಕಾರಣ ಇದೆ. ನಮ್ಮಲ್ಲಿ ಟ್ರೆಕ್ ಸೀಸನ್ ಅಂದ್ರೆ ಮಳೆ ನಿಂತ ಮೇಲೆ ಅಕ್ಟೋಬರ್‌ನಿಂದ ಫೆಬ್ರವರಿ ತನಕ. ಅಕ್ಟೋಬರ್ ಕೊನೇಲಿ ಮೆಂಬರ್‌ಶಿಪ್ ಮುಗಿಯೋರು ಮುಗಿಯೋ ಮುಂಚೆ ನವೆಂಬರ್, ಡಿಸೆಂಬರ್, ಜನವರಿ ಮೂರೂ ಟ್ರೆಕ್ಕನ್ನ ಮೆಂಬರ್ ರೇಟಲ್ಲಿ ಬುಕ್ ಮಾಡಿಟ್ಕೊಂಡು ರಿನ್ಯೂ ಮಾಡದೇ ಕೂತ್ಕೊಂಡ್ರೆ ಇನ್ನೊಂದು ಸೀಸನ್ ಪುಕ್ಕಟೆ. ಹಂಗ್ ಮಾಡಿದವ್ರು ಇದ್ರು ಕೂಡ, ಅವರನ್ನ ಬೈಯೋಕಾಗಲ್ಲ, ನಾವೇ ಬಾಗಿಲು ತೆಗೆದಿಟ್ಟಿದ್ವಿ.

ಇದನ್ನ ಒಪ್ಪದೇ ಇರೋರೂ ಇದಾರೆ, ಅವರ ಮಾತಲ್ಲೂ ನ್ಯಾಯ ಇದೆ. ದುಡ್ಡು ಕಟ್ಟಿರೋ ದಿನ ನಾನು ಮೆಂಬರ್, ಅವತ್ತಿನ ರೇಟ್ ಕೊಡಿ ಅನ್ನೋದು ತಪ್ಪಲ್ಲ. ವರ್ಷಕ್ಕೆ ನಾಲ್ಕೇ ಕಾರ್ಯಕ್ರಮ ಮಾಡೋ, ಬುಕಿಂಗ್ ಒಂದು ವಾರ ಮೊದಲಷ್ಟೇ ತೆಗೆಯೋ ಕ್ಲಬ್ಬಾದ್ರೆ ಬುಕ್ ಮಾಡಿದ ದಿನವನ್ನೇ ಲೆಕ್ಕಕ್ಕೆ ಹಿಡಿದ್ರೆ ಸಾಕು, ಸುಲಭವೂ ಹೌದು. ಬುಕಿಂಗಿಗೂ ಕಾರ್ಯಕ್ರಮಕ್ಕೂ ನಡುವೆ ತಿಂಗಳುಗಟ್ಟಲೆ ಅಂತರ ಇರೋ ಕಡೆ ಮಾತ್ರ ಕಾರ್ಯಕ್ರಮದ ದಿನ ಹಿಡೀಬೇಕಾಗತ್ತೆ. ಯಾವ್ದಾದ್ರೂ ಸರಿ, ಬುಕಿಂಗ್ ಪೇಜಲ್ಲಿ ಒಂದು ವಾಕ್ಯ ಬರ್ದಿರ್ಬೇಕು.

ಈ ನಿಯಮದ ಪ್ರಕಾರ ಮಲ್ಲೇಶ್ವರದ ಮೇಡಂಗೆ ಈಗ ಏನಾಗತ್ತೆ ನೋಡಿ. ಅಕ್ಟೋಬರ್ 15ಕ್ಕೆ ಅವರು ಪೋಷಕರು, ಹಾಗಾಗಿ ಬಾಗಿಲು ತೆಗೆಯತ್ತೆ, ಸೀಟ್ ಸಿಗತ್ತೆ. ನವೆಂಬರ್ 15ಕ್ಕೆ ಅವರ ಹೆಸರಲ್ಲಿ ಸಾಲಿಲ್ಲ, ಹಾಗಾಗಿ ರೇಟ್ 2400 ಅಂತ ತೋರ್ಸತ್ತೆ, ಆದ್ರೆ ಅಲ್ಲೇ ಕೆಳಗೆ "ನಿಮ್ಮ ಮೆಂಬರ್‌ಶಿಪ್ ಅಕ್ಟೋಬರ್ 31ಕ್ಕೆ ಮುಗಿಯತ್ತೆ, ಈಗಲೇ ರಿನ್ಯೂ ಮಾಡಿದ್ರೆ ಈ ಟ್ರೆಕ್ 2040" ಅಂತ ಇನ್ನೊಂದು ಆಯ್ಕೆ ಬರತ್ತೆ. ಎರಡನ್ನೂ ಒಂದೇ ಪೇಮೆಂಟಲ್ಲಿ ಕಟ್ಟಬಹುದು. ನಾವು ಕಳ್ಸಿದ ಯಾವ ರಿಮೈಂಡರ್ ಮೇಲಿಗಿಂತ್ಲೂ ಈ ಒಂದು ಸಾಲಿನಿಂದ ಜಾಸ್ತಿ ರಿನ್ಯೂವಲ್ ಬಂತು, ಯಾಕಂದ್ರೆ ಜನ ರಿನ್ಯೂ ಮಾಡೋದು ಏನೋ ಬೇಕಾದಾಗ, ತಾರೀಖು ನೋಡ್ಕೊಂಡಲ್ಲ.

ಆದ್ರೆ ಮೊದಲೇ ರಿನ್ಯೂ ಮಾಡಿದವ್ರಿಗೆ ನಷ್ಟ ಆಗ್ಬಾರ್ದು. ಅಕ್ಟೋಬರ್ 15ಕ್ಕೆ ದುಡ್ಡು ಕಟ್ಟಿದ್ರೂ ಹೊಸ ಅವಧಿ ಶುರುವಾಗ್ಬೇಕಾದ್ದು ನವೆಂಬರ್ 1ರಿಂದ, ಮುಗಿಯೋದು 2026ರ ಅಕ್ಟೋಬರ್ 31. ಕೆಲವು ರೆಡಿಮೇಡ್ ಫಾರ್ಮುಗಳಲ್ಲಿ ದುಡ್ಡು ಕಟ್ಟಿದ ದಿನಕ್ಕೆ ಒಂದು ವರ್ಷ ಸೇರಿಸಿ ಸುಮ್ನಾಗ್ಬಿಡ್ತಾರೆ, ಹಂಗಾದ್ರೆ ಮೇಡಂಗೆ 16 ದಿನ ಖೋತಾ. ಒಂದ್ಸಲ ಈ ಅನುಭವ ಆದವ್ರು ಮುಂದಿನ ವರ್ಷ ಕೊನೇ ದಿನದ ತನಕ ಕಾಯ್ತಾರೆ, ಕೊನೇ ದಿನ ಮರೀತಾರೆ.

ಇನ್ನು ಮುಗಿದ ಮೇಲೆ ರಿನ್ಯೂ ಮಾಡೋರ ವಿಷಯ. ಇಲ್ಲಿ ಗ್ರೇಸ್ ಪೀರಿಯಡ್ ಅನ್ನೋದು ಬರತ್ತೆ, ಮುಗಿದ ಮೇಲೂ ಒಂದು ತಿಂಗಳು ಸಲಿಗೆ. ಕೇಳೋಕೆ ಒಳ್ಳೇದು, ಆದ್ರೆ ಸಲಿಗೆ ಅಂದ್ರೆ ಏನು ಸಲಿಗೆ ಅಂತ ಯಾರೂ ಕೇಳಲ್ಲ. ಸಂಘ ಸಂಸ್ಥೆಗಳು ಬಳಸೋ CiviCRM ಅನ್ನೋ ಉಚಿತ ಸಾಫ್ಟ್‌ವೇರ್ ಇದೆಯಲ್ಲ, ಅದನ್ನ ಒಂದು ಪ್ರಯೋಗ ಅಂತ ಹಾಕಿ ನೋಡಿದ್ವಿ. ಅದು ಮೆಂಬರ್‌ಶಿಪ್‌ಗಳಿಗೆ ತಾನೇ ಸ್ಟೇಟಸ್ ಕೊಡತ್ತೆ, `New`, `Current`, `Grace`, `Expired` ಅಂತ. ಮೊದಲಿಂದ ಇರೋ ಸೆಟ್ಟಿಂಗ್ ಪ್ರಕಾರ ಮುಗಿದ ದಿನದಿಂದ ಒಂದು ತಿಂಗಳು `Grace`, ಆಮೇಲೆ `Expired`. ಗಮನಿಸ್ಬೇಕಾದ್ದು ಏನಂದ್ರೆ ಆ `Grace` ಅಲ್ಲಿರೋರನ್ನೂ ಅದು ಚಾಲ್ತಿ ಮೆಂಬರ್ ಅಂತಲೇ ಎಣಿಸತ್ತೆ. ನಮ್ಮ ಮೇಡಂ ನವೆಂಬರ್ 15ಕ್ಕೆ ಬೀಳೋದು ಆ ಒಂದು ತಿಂಗಳ ಒಳಗೇನೇ. ಅಂದ್ರೆ ನಾವು ಇಷ್ಟೆಲ್ಲಾ ಜಗಳ ಆಡಿ ಮಾಡಿದ ನಿಯಮ ಸೆಟ್ಟಿಂಗಲ್ಲಿರೋ ಒಂದು ಟಿಕ್ ಮಾರ್ಕಿಂದ ಮಾಯ, ಒಂದು ವರ್ಷದ ದುಡ್ಡಿಗೆ 13 ತಿಂಗಳ ಡಿಸ್ಕೌಂಟು. ಬೇಕಂತ್ಲೇ ಕೊಡೋದಾದ್ರೆ ಕೊಡಿ, ಗೊತ್ತಿಲ್ದೇ ಕೊಡ್ಬೇಡಿ. ಆ ಸ್ಟೇಟಸ್ ನಿಯಮದಲ್ಲಿ ಹೋಗಿ ಟಿಕ್ ತೆಗೀಬಹುದು.

ತಡವಾಗಿ ಕಟ್ಟಿದವರ ಹೊಸ ವರ್ಷ ಯಾವತ್ತಿಂದ ಶುರು ಅನ್ನೋದೂ ಇದಕ್ಕೇ ಅಂಟಿಕೊಂಡಿದೆ. ಅಕ್ಟೋಬರ್ 31ಕ್ಕೆ ಮುಗಿದು ನವೆಂಬರ್ 20ಕ್ಕೆ ಕಟ್ಟಿದ್ರು ಅಂದ್ಕೊಳ್ಳಿ. ಗ್ರೇಸ್‌ನಲ್ಲಿ ಡಿಸ್ಕೌಂಟು ಗಿಸ್ಕೌಂಟು ಎಲ್ಲಾ ಕೊಡ್ತೀರಿ ಅಂದ್ರೆ ಹೊಸ ಅವಧಿ ನವೆಂಬರ್ 1ರಿಂದ್ಲೇ ಶುರುವಾಗ್ಬೇಕು, ಆ 20 ದಿನ ಅವರು ಸೌಲಭ್ಯ ಅನುಭವಿಸಿದಾರೆ. ಇಲ್ಲಾಂದ್ರೆ ವರ್ಷಾ ವರ್ಷಾ ಒಂದು ತಿಂಗಳು ತಡ ಮಾಡೋರಿಗೇ ಲಾಭ. ಗ್ರೇಸ್‌ನಲ್ಲಿ ಏನೂ ಕೊಡಲ್ಲ ಅಂದ್ರೆ ದುಡ್ಡು ಕಟ್ಟಿದ ದಿನದಿಂದ ಶುರುಮಾಡಿ, ಸೌಲಭ್ಯ ಕೊಡದೇ ಇರೋ ದಿನಗಳಿಗೆ ದುಡ್ಡು ಇಸ್ಕೊಳ್ಳೋದು ಸರಿಯಲ್ಲ. ಎಷ್ಟೋ ಕ್ಲಬ್ಬಲ್ಲಿ ಸೌಲಭ್ಯ ನಿಲ್ಸ್ತಾರೆ, ತಾರೀಖೂ ಹಿಂದಕ್ಕೆ ಹಾಕ್ತಾರೆ, ಜನಕ್ಕೆ ಸಿಟ್ಟು ಬರೋದು ಅಲ್ಲಿ. ನಾವು ಎರಡನೇ ದಾರಿ ಹಿಡಿದ್ವಿ. ನಮ್ಮ 30 ದಿನದ ಗ್ರೇಸ್‌ನಲ್ಲಿ ಡಿಸ್ಕೌಂಟ್ ಇಲ್ಲ, ಮೊದಲು ಬುಕ್ ಮಾಡೋದೂ ಇಲ್ಲ, ಆದ್ರೆ ಹಳೇ ಮೆಂಬರ್ ನಂಬರ್ ಉಳಿಯತ್ತೆ, ವಾಟ್ಸಾಪ್ ಗ್ರೂಪಿಂದ ತೆಗೆಯಲ್ಲ, ಹೊಸಬರಿಗೆ ಅಂತ ಇರೋ ಸಾವನದುರ್ಗದ ಪರೀಕ್ಷೆ ಟ್ರೆಕ್ಕನ್ನ ಮತ್ತೆ ಮಾಡ್ಬೇಕಿಲ್ಲ. 30 ದಿನ ದಾಟಿದ್ರೆ ಹೊಸಬರ ಲೆಕ್ಕವೇ.

ಎಲ್ಲರದ್ದೂ ಒಂದೇ ದಿನ ಮುಗಿಯೋ ಹಾಗೆ, ಏಪ್ರಿಲ್‌ನಿಂದ ಮಾರ್ಚ್ ಅಂತಲೋ ಜನವರಿಯಿಂದ ಡಿಸೆಂಬರ್ ಅಂತಲೋ ಇಟ್ರೆ ಈ ರಗಳೆ ಕಮ್ಮಿ ಅಲ್ವಾ ಅಂತ ಕೇಳ್ಬಹುದು. ಅಮೆರಿಕದಲ್ಲಿರೋ ನನ್ನ ಕಸಿನ್ನು ಅವನ ಕನ್ನಡ ಕೂಟದಲ್ಲಿ ಕ್ಯಾಲೆಂಡರ್ ವರ್ಷವೇ ಅಂದ, ಅಲ್ಲಿ ಯುಗಾದಿ, ಗಣೇಶ, ದೀಪಾವಳಿ ಅಂತ ಎಣಿಸಿದಷ್ಟು ಕಾರ್ಯಕ್ರಮ, ಎಲ್ಲಾ ವರ್ಷದೊಳಗೇ ಮುಗಿಯತ್ತೆ, ಅವರಿಗೆ ಅದೇ ಸರಿ. ಅಲ್ಲಿರೋ ತೊಂದ್ರೆ ಅಂದ್ರೆ ಅಕ್ಟೋಬರ್‌ನಲ್ಲಿ ಸೇರೋರು "ಎರಡು ತಿಂಗಳಿಗೆ ಪೂರ್ತಿ ದುಡ್ಡಾ" ಅಂತಾರೆ, ಅದಕ್ಕೆ ಇಂಥಾ ತಾರೀಖಿನ ನಂತರ ಸೇರಿದ್ರೆ ಮುಂದಿನ ವರ್ಷದ ಕೊನೇ ತನಕ ಅಂತ ಒಂದು ಗಡಿ ಇಟ್ರೆ ಮುಗೀತು. ನಮ್ಮಂಥ ಕ್ಲಬ್ಬಿಗೆ ಅದು ಒಗ್ಗಲ್ಲ, ಡಿಸೆಂಬರ್ 31 ಅಂದ್ರೆ ಸೀಸನ್ ನಟ್ಟ ನಡುವೆ.

ಈಗ ದರ್ಜೆಗಳ ಬಗ್ಗೇನೇ ಒಂದು ಮಾತು, ಯಾಕಂದ್ರೆ ಮುಗಿಯೋ ತಾರೀಖಿನ ಜೊತೆ ಆಟ ಆಡೋರು ಇಲ್ಲೂ ಇರ್ತಾರೆ. ₹500 ಕೊಟ್ಟ ಸಾದಾ ಮೆಂಬರ್‌ಗೆ ಒಂದು ಟ್ರೆಕ್ಕಿಗೆ ₹240 ಉಳಿಯತ್ತೆ, ಅಂದ್ರೆ ಮೂರನೇ ಟ್ರೆಕ್ಕಿಗೆ ಕೊಟ್ಟ ದುಡ್ಡು ವಾಪಸ್. ₹2000 ಕೊಟ್ಟ ಪೋಷಕರಿಗೆ ಒಂದಕ್ಕೆ ₹360, ಆರನೇ ಟ್ರೆಕ್ ತನಕ ಕಾಯ್ಬೇಕು. ನಮ್ಮಲ್ಲಿ ವರ್ಷಕ್ಕೆ ಆರು ಟ್ರೆಕ್ ಬರೋರು ಬೆರಳೆಣಿಕೆ. ಹಾಗಾದ್ರೆ ಪೋಷಕರು ದುಡ್ಡು ಕೊಡ್ತಿರೋದು ಡಿಸ್ಕೌಂಟಿಗಲ್ಲ, ಸೀಟಿಗೆ. ಬೇಗ ಫುಲ್ ಆಗೋ ಎರಡು ಮೂರು ಟ್ರೆಕ್ ಇದಾವಲ್ಲ, ಕುಮಾರಪರ್ವತ ಥರದ್ದು, ಅದರಲ್ಲಿ ಸೀಟ್ ಸಿಗ್ಲಿ ಅಂತ. ಯಾರೂ ಬರದ ಟ್ರೆಕ್ಕಿಗೆ ಮೂರು ದಿನ ಮೊದಲು ಬುಕ್ ಮಾಡೋ ಅವಕಾಶ ಇದ್ರೆಷ್ಟು ಬಿಟ್ರೆಷ್ಟು.

ಹಂಗಂತ ಪೋಷಕರಿಗೆ ಮೂರು ದಿನ ಮೊದಲೇ ಪೂರ್ತಿ 30 ಸೀಟೂ ತೆಗೆದಿಟ್ರೆ ಸಾದಾದವರ ಬಾಗಿಲು ತೆಗೆಯೋ ಹೊತ್ತಿಗೆ ಖಾಲಿ. ಮೊದಲ ವರ್ಷ ಹಂಗೇ ಆಯ್ತು, ಸಾದಾದವ್ರು "ನಮ್ದೇನು ಬರೀ ಹೆಸರಿಗೆ ಮೆಂಬರ್‌ಶಿಪ್ಪಾ" ಅಂದ್ರು. ಈಗ ಮೊದಲ ಕಿಟಕಿಯಲ್ಲಿ 12 ಸೀಟ್ ಮಾತ್ರ, ಸಾದಾದವರ ದಿನ ಇನ್ನೊಂದು 12, ಉಳಿದಿದ್ದು ಎಲ್ಲರಿಗೂ. ಪೋಷಕರ 12ರಲ್ಲಿ ಮಿಕ್ಕಿದ್ರೆ ಅದು ಮುಂದಿನ ದಿನಕ್ಕೆ ಸೇರತ್ತೆ. ಇನ್ನೊಂದು, ಡಿಸ್ಕೌಂಟು ಬುಕಿಂಗಿಗಲ್ಲ, ತಲೆಗೆ. ಒಬ್ಬ ಪೋಷಕ ನಾಲ್ಕು ಜನ ಫ್ರೆಂಡ್ಸನ್ನ ಸೇರ್ಸಿ ಐದು ಸೀಟ್ ತಗೊಂಡ್ರೆ ಒಂದಕ್ಕೆ ಮಾತ್ರ 2040.

ಇಷ್ಟಾದ್ಮೇಲೂ ಒಬ್ಬ ಹುಡುಗ ಒಂದು ಸಂದಿ ಕಂಡುಹಿಡಿದ, ಐಟಿ ಕಂಪನಿಯವನು, ಮೆಚ್ಚಬೇಕು. ನಮ್ಮಲ್ಲಿ ಸಾದಾದಿಂದ ಪೋಷಕಕ್ಕೆ ಏರೋಕೆ ಉಳಿದ ತಿಂಗಳುಗಳ ವ್ಯತ್ಯಾಸ ಕಟ್ಟಿದ್ರೆ ಸಾಕಿತ್ತು. ಅವನದ್ದು ಮುಗಿಯೋಕೆ ಎರಡು ತಿಂಗಳು ಇತ್ತು. ವರ್ಷಕ್ಕೆ ವ್ಯತ್ಯಾಸ ₹1500, ಎರಡು ತಿಂಗಳಿಗೆ ₹250. ಬುಕಿಂಗ್ ಓಪನ್ ಆಗೋ ಒಂದು ಗಂಟೆ ಮುಂಚೆ 250 ಕಟ್ಟಿ ಪೋಷಕ ಆದ, 8 ಗಂಟೆಗೆ ಕುಮಾರಪರ್ವತ ಬುಕ್ ಮಾಡ್ದ, ಎರಡು ತಿಂಗಳಾದ್ಮೇಲೆ ವಾಪಸ್ ಸಾದಾ ಆದ. ವರ್ಷದ ಪೂರ್ತಿ ₹2000 ಕೊಟ್ಟವರ ಪಕ್ಕದಲ್ಲಿ ಅವನೂ ಕೂತಿದ್ದ, 250ಕ್ಕೆ. ಈಗ ಏರ್ಬೇಕು ಅಂದ್ರೆ ಅವತ್ತಿಂದ ಹೊಸದಾಗಿ ಪೂರ್ತಿ ಒಂದು ವರ್ಷ, ಹಳೇ ಸಾದಾದಲ್ಲಿ ಉಳಿದ ಎರಡು ತಿಂಗಳ ₹83 ಕಳೆದು ₹1917 ಕಟ್ಟಬೇಕು. ಹಳೇ ಅವಧಿಯ ಸಾಲನ್ನ ಅಳ್ಸಲ್ಲ, ಅದರ ಕೊನೇ ತಾರೀಖನ್ನ ನಿನ್ನೆಗೆ ನಿಲ್ಸಿ ಹೊಸ ಸಾಲು ಶುರುಮಾಡ್ತೀವಿ, ಎರಡು ಸಾಲು ಒಂದರ ಮೇಲೊಂದು ಬಿದ್ರೆ ಒಂದೇ ದಿನಕ್ಕೆ ಎರಡು ದರ್ಜೆ ಬಂದು ಮತ್ತೆ ಗೊಂದಲ. ಮುಟ್ಟಬಾರದು ಅಂದ ಹಳೇ ಸಾಲನ್ನ ಮುಟ್ಟೋದು ಇದೊಂದೇ ಸಂದರ್ಭದಲ್ಲಿ.

ಇನ್ನು ಕೊನೇ ದಿನ ಅಂದ್ರೆ ಎಷ್ಟು ಗಂಟೆ ತನಕ? ಅಕ್ಟೋಬರ್ 31ಕ್ಕೆ ಮುಗಿಯತ್ತೆ ಅಂದ್ರೆ ಯಾರಾದ್ರೂ ಅಂದ್ಕೊಳ್ಳೋದು 31ರ ರಾತ್ರಿ 12ರ ತನಕ ಅಂತ. ನಮ್ಮ ಮೊದಲ ಸೈಟಲ್ಲಿ ಅದನ್ನ `2025-10-31 00:00:00` ಅಂತ ಗಂಟೆ ಸಮೇತ ಇಟ್ಟಿದ್ವಿ, ಈಗಿನ ಸಮಯ ಅದನ್ನ ದಾಟಿದ್ಯಾ ಅಂತ ನೋಡ್ತಿತ್ತು. ಅಂದ್ರೆ 31ನೇ ತಾರೀಖು ಶುರುವಾದ ಕೂಡ್ಲೇ ಮುಗೀತು, ಕೊನೇ ದಿನ ಪೂರ್ತಿ ಹೋಯ್ತು. ಅದರ ಮೇಲೆ ಸರ್ವರ್ ಗಡಿಯಾರ ಇದ್ದಿದ್ದು ಯುಟಿಸಿಯಲ್ಲಿ, ನಮಗಿಂತ ಐದೂವರೆ ಗಂಟೆ ಹಿಂದೆ. ಹಂಗಾಗಿ ಬೆಳಗ್ಗೆ 5ಕ್ಕೆ ಎದ್ದು ಬುಕ್ ಮಾಡಿದವರಿಗೆ ಡಿಸ್ಕೌಂಟ್ ಸಿಕ್ತು, 6ಕ್ಕೆ ಮಾಡಿದವರಿಗೆ ಸಿಗ್ಲಿಲ್ಲ, ನಮಗೆ ಕಾರಣ ಹಿಡಿಯೋಕೆ ವಾರ ಬೇಕಾಯ್ತು. ದೂರುಗಳನ್ನ ಟೈಮ್ ಪ್ರಕಾರ ಜೋಡ್ಸಿದಾಗ ಎಲ್ಲಾ 5:30ರ ಆಚೆ ಈಚೆ ಸರಿಯಾಗಿ ಕತ್ತರಿಸಿದ ಹಾಗೆ ಕಾಣ್ತು, ಆಗ ಗೊತ್ತಾಯ್ತು. ನಿಮ್ಮಲ್ಲೂ ಐದೂವರೆ ಗಂಟೆಯ ವಿಚಿತ್ರ ಕಂಡ್ರೆ ಬೇರೇನೂ ಹುಡುಕ್ಬೇಡಿ. ಮುಗಿಯೋ ದಿನವನ್ನ ಬರೀ ತಾರೀಖಾಗಿ ಇಡಿ, ಆ ದಿನವೂ ಸೇರಿ ಅಂತ ಲೆಕ್ಕ ಹಿಡೀರಿ, ಇವತ್ತು ಯಾವ ತಾರೀಖು ಅನ್ನೋದನ್ನ `Asia/Kolkata` ಪ್ರಕಾರ ಕೇಳಿ.

ಸ್ಟೇಟಸ್ ನಂಬಿ ಕೂರೋದರಲ್ಲೂ ಇಂಥದ್ದೇ ಅಪಾಯ ಇದೆ. CiviCRM ಆ `Current`, `Expired` ಹಣೆಪಟ್ಟಿಗಳನ್ನ ದಿನಕ್ಕೊಂದ್ಸಲ ಓಡೋ ಒಂದು ಕೆಲಸದಿಂದ ಬದಲಾಯಿಸತ್ತೆ, ಆ ಕೆಲಸ ಯಾವ್ದೋ ಕಾರಣಕ್ಕೆ ಓಡದಿದ್ರೆ ಮುಗಿದವರೂ ಚಾಲ್ತಿ ಅಂತಲೇ ಕಾಣ್ತಾರೆ. ವರ್ಡ್‌ಪ್ರೆಸ್‌ನಲ್ಲಿ ಇಂಥ ಕೆಲಸಗಳು ಶುರುವಾಗೋದೇ ಯಾರಾದ್ರೂ ಸೈಟಿಗೆ ಬಂದಾಗ, ಯಾರೂ ಬರದೇ ಇದ್ರೆ ಅದೂ ಮಲಗಿರತ್ತೆ. ಪಟ್ಟಿ ನೋಡೋಕೆ, ಪತ್ರ ಕಳ್ಸೋಕೆ ಹಣೆಪಟ್ಟಿ ಸಾಕು, ದುಡ್ಡಿನ ತೀರ್ಮಾನ ಬಂದಾಗ ತಾರೀಖನ್ನೇ ಕೇಳಿ.

ಇದೆಲ್ಲಾ ಬೇಡ, ವರ್ಷಕ್ಕೊಮ್ಮೆ ತಾನಾಗೇ ದುಡ್ಡು ಕಟ್ ಆಗ್ಲಿ ಅಂದ್ರೆ ಅದೂ ಆಗತ್ತೆ, ನಮ್ಮಲ್ಲಿ ಒಂದಷ್ಟು ಜನ ಹಂಗೇ ಮಾಡಿದಾರೆ. ಆರ್‌ಬಿಐ ನಿಯಮದ ಪ್ರಕಾರ ಇಂಥ ಆಟೋ ಡೆಬಿಟ್‌ಗೆ 24 ಗಂಟೆ ಮೊದಲೇ ಗ್ರಾಹಕರಿಗೆ ಸೂಚನೆ ಹೋಗ್ಬೇಕು, ₹15,000 ಒಳಗಿದ್ರೆ ಪ್ರತಿ ಸಲ ಓಟಿಪಿ ಬೇಕಿಲ್ಲ, ನಮ್ಮ ಶುಲ್ಕ ಅದರೊಳಗೇ ಇದೆ. ಆದ್ರೆ ಮುಗಿಯೋ ದಿನವೇ ಡೆಬಿಟ್ ಇಟ್ಕೋಬೇಡಿ. ಖಾತೆಯಲ್ಲಿ ದುಡ್ಡಿಲ್ದೆ ಫೇಲ್ ಆಯ್ತು ಅಂದ್ರೆ ಮರುದಿನ ಬೆಳಗ್ಗೆ ಅವರು ಹೊರಗಿನವರು, ಅವರಿಗೇ ಗೊತ್ತಿರಲ್ಲ. ನಾವು ಒಂದು ವಾರ ಮೊದಲು ಇಟ್ಟಿದೀವಿ, ಫೇಲ್ ಆದ್ರೆ ಫೋನ್ ಮಾಡೋಕೆ ಟೈಮ್ ಸಿಗತ್ತೆ. ಮತ್ತೆ ರಿಮೈಂಡರ್ ಕಳ್ಸೋವಾಗ ಒಬ್ಬೊಬ್ರ ಸಾಲುಗಳಲ್ಲಿ ಅತಿ ದೂರದ ಕೊನೇ ತಾರೀಖನ್ನೇ ನೋಡಿ, ಇಲ್ಲಾಂದ್ರೆ ಆಗ್ಲೇ ರಿನ್ಯೂ ಮಾಡಿದವರಿಗೂ ಹಳೇ ಸಾಲು ನೋಡಿ "ಮುಗೀತಾ ಬಂತು" ಅಂತ ಹೋಗತ್ತೆ.

ವೇಟಿಂಗ್ ಲಿಸ್ಟಲ್ಲಿ ಇರೋವಾಗ ಮುಗಿದ್ರೆ? ಸಾಲಿನ ಜಾಗ ಹಂಗೇ ಉಳಿಯತ್ತೆ, ಅದು ಅವರು ನಿಂತ ದಿನ ಗಳಿಸಿದ್ದು. ರೇಟ್ ಮಾತ್ರ ಟ್ರೆಕ್ ದಿನದ ಪ್ರಕಾರ. ಆದ್ರೆ ಕುಮಾರಪರ್ವತದಂಥ ಕಡೆ ಈಗ ಅರಣ್ಯ ಇಲಾಖೆಯ ಆನ್‌ಲೈನ್ ಪರ್ಮಿಟ್ ಬೇಕು, ಹೆಸರು ಮೊದಲೇ ಕೊಡ್ಬೇಕು, ಹಾಗಾಗಿ ಒಂದು ದಿನ ದಾಟಿದ ಮೇಲೆ ವೇಟಿಂಗ್ ಲಿಸ್ಟೇ ಮುಚ್ತೀವಿ, ಅಲ್ಲಿ ಮೆಂಬರ್‌ಶಿಪ್ ಪ್ರಶ್ನೆ ಬರಲ್ಲ.

ಲೈಫ್ ಮೆಂಬರ್ಸ್ ಕಥೆ ಹೇಳ್ತೀನಿ ಅಂದಿದ್ದೆ. ಡೇಟಾಬೇಸ್‌ಗೆ ಹೋದಾಗ ಅವರಿಗೆ ಮುಗಿಯೋ ತಾರೀಖೇ ಇಲ್ವಲ್ಲ ಅಂತ ಆ ಜಾಗ ಖಾಲಿ ಬಿಟ್ವಿ, ಡೇಟಾಬೇಸ್ ಭಾಷೆಯಲ್ಲಿ `NULL`. ಮೇಲೆ ಕೊಟ್ಟ ಪ್ರಶ್ನೆ ನೋಡಿ, ಮುಗಿಯೋ ತಾರೀಖು ನವೆಂಬರ್ 15 ಅಥವಾ ಅದಕ್ಕಿಂತ ಮುಂದೆ ಇದ್ಯಾ ಅಂತ ಕೇಳತ್ತೆ. ಖಾಲಿ ಜಾಗವನ್ನ ಯಾವ ತಾರೀಖಿಗೆ ಹೋಲ್ಸಿದ್ರೂ ಡೇಟಾಬೇಸ್ ಹೌದು ಅನ್ನಲ್ಲ, ಅಲ್ಲ ಅಂತಲೂ ಅನ್ನಲ್ಲ, ಗೊತ್ತಿಲ್ಲ ಅನ್ನತ್ತೆ, ಗೊತ್ತಿಲ್ಲದ ಸಾಲನ್ನ ಕೊಡಲ್ಲ. ಹಂಗಾಗಿ ಎಂದೂ ಮುಗಿಯದ ಮೆಂಬರ್‌ಶಿಪ್ ಇರೋರೆಲ್ಲಾ ಒಂದೇ ರಾತ್ರಿಯಲ್ಲಿ ಹೊರಗಿನವರಾದ್ರು. ಕ್ಲಬ್ ಕಟ್ಟಿದವರಲ್ಲಿ ಒಬ್ರು, ಎಪ್ಪತ್ತು ದಾಟಿದಾರೆ, ಈಗ್ಲೂ ಸ್ಕಂದಗಿರಿ ಹತ್ತುತ್ತಾರೆ, ಅವರಿಗೆ ಬುಕಿಂಗ್ ಪೇಜಲ್ಲಿ ಕೆಂಪಕ್ಷರದಲ್ಲಿ ಬಂದಿತ್ತು, ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿ ಬರ್ದ್ರು, "ಏನಪ್ಪಾ, ನಾನು ಎಕ್ಸ್‌ಪೈರ್ ಆಗ್ಬಿಟ್ನಂತೆ, ಮನೇಲಿ ಯಾರೂ ಹೇಳೇ ಇಲ್ಲ" ಅಂತ. ಅವತ್ತೇ ರಾತ್ರಿ ಆ ಖಾಲಿ ಜಾಗಗಳಿಗೆಲ್ಲಾ `9999-12-31` ತುಂಬಿಸ್ದೆ, ಕೆಂಪಕ್ಷರದ ಆ ಪದವನ್ನೂ ತೆಗೆದು "ಅವಧಿ ಮುಗಿದಿದೆ" ಅಂತ ಮಾಡ್ದೆ.